ಟೊಮೆಟೊ ಬೀರುವಿನಲ್ಲಿದೆ

ನಮಸ್ಕಾರ. 2023ರ ಜುಲೈ ನೆನಪಿದೆಯಾ? ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿತ್ತು. ಆಗ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಚಿಕ್ಕಮ್ಮ ಒಂದು ಸಾಲು ಹಾಕಿದರು: "ಇವತ್ತು ಸಾರಿಗೆ ಟೊಮೆಟೊ ತೋರಿಸಿ, ವಾಪಸ್ ಬೀರುವಿನಲ್ಲಿಟ್ಟು ಬೀಗ ಹಾಕಿದೆ." ಎಲ್ಲರೂ ನಕ್ಕೆವು.

ಮಾರನೇ ದಿನ ಅವರ ಮನೆಗೆ ಹೋಗಿದ್ದೆ. ಮೂರು ಟೊಮೆಟೊ ಬೀಳುತ್ತಿದ್ದ ಸಾರಿಗೆ ಅರ್ಧ ಹಾಕಿದರು. ಉಳಿದರ್ಧ ಬಟ್ಟಲಿಗೆ ಹೋಗಿ ಫ್ರಿಜ್ ಸೇರಿತು. ಹುಣಸೆಹಣ್ಣನ್ನು ಜಾಸ್ತಿ ಕಿವುಚಿದರು. ಬೀಗ ಒಂದಿರಲಿಲ್ಲ, ಅಷ್ಟೇ.

ಆ ತಿಂಗಳ ತಮಾಷೆಗಳನ್ನು ನೆನಪಿಸಿಕೊಳ್ಳಿ. ಮದುವೆಗೆ ಟೊಮೆಟೊ ಮುಯ್ಯಿ. ಬುಟ್ಟಿಗೆ ಕಾವಲುಗಾರ. ನೆಂಟರು ಬಂದರೆ ಟೊಮೆಟೊ ಮುಚ್ಚಿಡಿ. ಎಲ್ಲದರಲ್ಲೂ ಬರುವುದು ಬಚ್ಚಿಡುವುದು, ಕಾಯುವುದು, ಯಾರಾದರೂ ಬಂದರೆ ಏನು ಬಡಿಸಲಿ ಅನ್ನುವುದು. "ನಮಗೆ ಕೊಳ್ಳೋಕೆ ಆಗ್ತಿಲ್ಲ" ಅಂತ ನೆಂಟರ ಮುಂದೆ ಯಾವ ಗೃಹಿಣಿಯೂ ಹೇಳುವುದಿಲ್ಲ. ಬೀರುವಿನ ಮಾತನ್ನು ಧಾರಾಳವಾಗಿ ಹೇಳಬಹುದು.

ಆ ಉತ್ಪ್ರೇಕ್ಷೆ ಕೂಡ ತುಂಬಾ ದೂರ ಇರಲಿಲ್ಲ. ಅದೇ ಜುಲೈನಲ್ಲಿ ಹಾಸನ ಜಿಲ್ಲೆಯ ಒಂದು ಹೊಲದಿಂದ ಲಕ್ಷಾಂತರ ರೂಪಾಯಿಯ ಟೊಮೆಟೊ ರಾತ್ರೋರಾತ್ರಿ ಕಳವಾಯಿತು. ಕಾವಲುಗಾರನ ತಮಾಷೆ ಅಲ್ಲಿಗೆ ತಮಾಷೆಯಾಗಿ ಉಳಿಯಲಿಲ್ಲ, ಅಲ್ವಾ?

ಟೊಮೆಟೊಗೇ ಯಾಕೆ ಇಷ್ಟು ಮಾತು? ಪೆಟ್ರೋಲನ್ನು ನಾವು "ನೂರು ರೂಪಾಯಿಗೆ ಹಾಕಿ" ಅನ್ನುತ್ತೇವೆ. ರೇಟ್ ಏರಿದರೂ ಕೊಡುವುದು ಅದೇ ನೂರು. ಗಾಡಿ ಬೇಗ ರಿಸರ್ವ್‌ಗೆ ಬಂದಾಗ ಗೊತ್ತಾಗುತ್ತದೆ. ಟೊಮೆಟೊ ಹಾಗಲ್ಲ. ಜಾಸ್ತಿ ದಿನ ಇಡೋಕೆ ಆಗುವುದಿಲ್ಲ, ಅಗ್ಗವಿದ್ದಾಗ ಕೊಂಡು ಕೂಡಿಡೋಕೂ ಆಗುವುದಿಲ್ಲ. ಮೂರು ದಿನಕ್ಕೊಮ್ಮೆ ತಕ್ಕಡಿ ಮುಂದೆ ನಿಂತು ಅದೇ ಬೆಲೆ ಮತ್ತೆ ಕೇಳಬೇಕು. ಒಂದು ಕೆಜಿ ಅನ್ನುತ್ತಿದ್ದ ಬಾಯಿ ಕಾಲು ಕೆಜಿ ಅನ್ನುತ್ತದೆ. ಪಕ್ಕದಲ್ಲಿ ನಿಂತವರಿಗೂ ಕೇಳಿಸುತ್ತದೆ.

ನನಗೆ ಬೇಸರವಾಗುವುದು ಇನ್ನೊಂದಕ್ಕೆ. ಆ ಬೆಲೆ ಏರಿದ್ದಕ್ಕೆ ಬಿಸಿಲು, ಎಲೆ ಮುರುಟು ರೋಗ, ಆಮೇಲೆ ಮಳೆ, ಎಲ್ಲವೂ ಕಾರಣ. ಅದಕ್ಕೂ ಕೆಲವು ತಿಂಗಳ ಹಿಂದೆ ರೇಟ್ ಬಿದ್ದು ರೈತರು ಹಣ್ಣನ್ನು ರಸ್ತೆಗೆ ಸುರಿದಿದ್ದರು. ನಾಟಿ ಮಾಡಿ ಮೊದಲ ಕೊಯ್ಲಿಗೆ ಎರಡು ತಿಂಗಳಾದರೂ ಬೇಕು. ಕೈಸುಟ್ಟುಕೊಂಡವರು ಆ ಹೊತ್ತಿಗೆ ಮತ್ತೆ ಟೊಮೆಟೊ ಹಾಕುವುದು ಹೇಗೆ? ಜುಲೈನ ಬೆಲೆಯಲ್ಲಿ ಅದೂ ಸೇರಿತ್ತು. ಆದರೆ ಸುರಿದ ದಿನ ನಮ್ಮ ಗ್ರೂಪಿನಲ್ಲಿ ಒಂದು ಸಾಲೂ ಬಂದಿರಲಿಲ್ಲ. ನಾನೂ ಹಾಕಿರಲಿಲ್ಲ.

ಆಗಸ್ಟ್ ಕಳೆಯುವ ಹೊತ್ತಿಗೆ ಬೆಲೆ ಇಳಿಯಿತು. ಬೀರುವಿನ ಮಾತು ನಿಂತಿತು. ಚಿಕ್ಕಮ್ಮ ಮಾತ್ರ ಸುಮಾರು ದಿನ ಅರ್ಧ ಟೊಮೆಟೊವನ್ನೇ ಹಾಕುತ್ತಿದ್ದರು.