ಉಳಿಸು ಒತ್ತೋಕೆ ಹೋಗಿ ಅಳಿಸು ಒತ್ತಿದ್ರಂತೆ | ಮಂಡ್ಯಕ್ಕೆ ಒಂದು ದಿನ

ಹಾಯ್, ಎಲ್ಲಾ ಚೆನ್ನಾಗಿದೀರಾ, ನಾನೀಗ ಮೈಸೂರು ಸ್ಟೇಷನ್ನಲ್ಲಿದೀನಿ, ಟಿಕೆಟ್ ತಗೊಂಡಿದ್ದು ಜನ ನನ್ನ ಮೇಲೆ ಬಿದ್ದಿದ್ದು ಎಲ್ಲಾ ನಿಮಗೆ ಕಾಣ್ತಾನೇ ಇದೆ, ಅದನ್ನ ಮತ್ತೆ ಹೇಳಲ್ಲ. ಮಂಡ್ಯಕ್ಕೆ ಹೊರಟಿರೋದು ಯಾಕೆ ಅಂತ ಮಾತ್ರ ಹೇಳ್ತೀನಿ. ಒಂದು ಮೆಸೇಜು. ಬೆಳಗ್ಗೆ ಆರೂ ಕಾಲಿಗೆ ಬಂದಿದೆ, ನಾನು ಎದ್ದಿರಲಿಲ್ಲ ಬಿಡಿ.

ಪೇಟೆ ಬೀದಿ ಹತ್ರ ಒಬ್ರು ದಿನಸಿ ಅಂಗಡಿ ಇಟ್ಕೊಂಡಿದಾರೆ, ಅವರ ಬಿಲ್ಲಿಂಗ್ ಆಪ್‌ಗೆ ಹೋದ ತಿಂಗಳು ನಾನು ಡಿಸೈನ್ ಮಾಡ್ಕೊಟ್ಟಿದ್ದೆ, ಕೋಡ್ ಬರೆದಿದ್ದು ನನ್ನ ಫ್ರೆಂಡು. ಅಂಗಡಿಯವರ ಪರ್ಮಿಷನ್ ತಗೊಂಡೇ ಓದ್ತಿದೀನಿ, ಕೇಳಿ. "ಮೇಡಂ ನಮಸ್ಕಾರ ಆಪು ಚೆನ್ನಾಗದೆ ಆದ್ರೆ ಒಸಿ ಬದಲಾಯಿಸ್ಬೇಕು. ಬಣ್ಣ ತುಂಬ ತೆಳು ಆಯ್ತು ಸಾಯಂಕಾಲ ನಾಕು ಗಂಟೆ ಮೇಲೆ ರೇಟೇ ಕಾಣಾಕಿಲ್ಲ, ನಮ್ಮ ಬೋರ್ಡು ಹಳದಿ ಕೆಂಪು ಅದೆ ಅದೇ ಹಾಕ್ಬುಡಿ. ಒಟ್ಟು ಅನ್ನೋದು ಒಟು ಅಂತ ಬತ್ತದೆ, ಅದನ್ನ ಮೇಲ್ಗಡೆ ದೊಡ್ಡದಾಗಿ ಮಡಗಿ ಗಿರಾಕಿಗೂ ಕಾಣ್ಲಿ. ಉಳಿಸು ಅಳಿಸು ಎರಡ್ನೂ ಪಕ್ಕಪಕ್ಕ ಯಾಕೆ ಮಡಗಿದ್ದೀರಿ ನೆನ್ನೆ ಒಂದು ಮದುವೆ ಬಿಲ್ಲೇ ಹೋಯ್ತು. ಬರೀ ಬಣ್ಣ ತಾನೆ ಒಂದು ಗಂಟೆ ಕೆಲಸ ಸಂಜೆ ಒಳಗೆ ಮಾಡ್ಕೊಡಿ."

ಕೊನೆ ಸಾಲು ಓದಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬರೀ ಬಣ್ಣ ತಾನೆ ಅಂತೆ. ಹಳದಿ ಮೇಲೆ ಕೆಂಪು ಹಾಕಿದ್ರೆ ಅದು ಆಪ್ ಆಗಲ್ಲ, ಜಾತ್ರೆ ಬ್ಯಾನರ್ ಆಗುತ್ತೆ. ಫೋನಲ್ಲೇ ಆಗಲ್ಲ ಅಂತ ಹೇಳಿಬಿಡೋಣ ಅನ್ಕೊಂಡೆ, ಆಮೇಲೆ ಆ ಮದುವೆ ಬಿಲ್ಲಿನ ವಿಷ್ಯ ತಲೇಲಿ ಕೊರೀತಾ ಇತ್ತು, ಸರಿ ಹೋಗಿ ನೋಡೇಬಿಡೋಣ ಅಂತ ಹೊರಟೆ.

ಇದು ಶ್ರೀರಂಗಪಟ್ಟಣ, ಕಾವೇರಿ ನೋಡ್ಕೊಳಿ, ಕಿಟಕಿ ಗಾಜು ಗಲೀಜಾಗಿದೆ ನಾನೇನೂ ಮಾಡೋಕಾಗಲ್ಲ. ಆ ವಡೆ ಮಾರೋರು ಇದಾರಲ್ಲ, ಮದ್ದೂರು ಇನ್ನೂ ಮುಂದೆ, ನಾನು ಅದಕ್ಕೂ ಮೊದ್ಲು ಮಂಡ್ಯದಲ್ಲೇ ಇಳೀಬೇಕು, ಆದ್ರೂ ಒಂದು ತಗೊಂಡೆ. ತಣ್ಣಗಿತ್ತು. ಮದ್ದೂರು ವಡೆ ತಣ್ಣಗಿದ್ರೂ ಪರವಾಗಿಲ್ಲ ಅಂತ ನಮ್ಮಮ್ಮ ಹೇಳ್ತಾರೆ, ಈರುಳ್ಳಿ ಜಾಸ್ತಿ ಇದ್ರೆ ಸರಿ ಅಂತೆ, ಸರಿ ಸರಿ ಮಂಡ್ಯ ಬಂತು.

ಅಂಗಡಿ. ನಾನು ಹೋಗಿದ್ದು ಮೂರೂ ಮುಕ್ಕಾಲಿಗೆ, ಬೇಕು ಅಂತಾನೇ. ಅಂಗಡಿ ಬಾಗಿಲು ಪಡುವಣಕ್ಕಿದೆ, ನೋಡಿ ಬಿಸಿಲು ನೇರ ಗಲ್ಲಾಪೆಟ್ಟಿಗೆ ಮೇಲೆ ಬೀಳ್ತಿದೆ, ಮೊಬೈಲ್ ಇಡೋದೂ ಅಲ್ಲೇ. ಸ್ಕ್ರೀನ್ ಗಾರ್ಡ್ ಪೂರ್ತಿ ಗೀರು. ನಾನು ಮನೇಲಿ ಲ್ಯಾಪ್‌ಟಾಪಲ್ಲಿ ಬ್ರೈಟ್ನೆಸ್ ಫುಲ್ ಇಟ್ಕೊಂಡು ಬಿಳಿ ಮೇಲೆ ತಿಳಿ ಬೂದು ಅಕ್ಷರ ಹಾಕಿ, ಆಹಾ ಎಷ್ಟು ಕ್ಲೀನಾಗಿದೆ ಅನ್ಕೊಂಡಿದ್ದೆ. ಇಲ್ಲಿ ಕ್ಯಾಮೆರಾಗೂ ಕಾಣ್ತಿಲ್ಲ ನೋಡಿ, ಅಲ್ಲಿ ತೊಗರಿಬೇಳೆ ರೇಟು ಇದೆ, ಇದೆ ಅಂತ ನಂಬಿ.

ಇದಕ್ಕೊಂದು ಲೆಕ್ಕ ಇದೆ, ಬೋರ್ ಹೊಡಿಸಲ್ಲ. ಅಕ್ಷರಕ್ಕೂ ಹಿಂದಿರೋ ಬಣ್ಣಕ್ಕೂ ಬೆಳಕಲ್ಲಿ ಎಷ್ಟು ಪಟ್ಟು ವ್ಯತ್ಯಾಸ ಅಂತ ಅಳೀತಾರೆ, ಅದು ಕಾಂಟ್ರಾಸ್ಟ್. ಬಿಳಿ ಮೇಲೆ ಅಚ್ಚ ಕಪ್ಪು ಅಂದ್ರೆ 21, ಅದೇ ಮ್ಯಾಕ್ಸಿಮಮ್. ಸಾಮಾನ್ಯ ಸೈಜಿನ ಅಕ್ಷರಕ್ಕೆ ಕಮ್ಮಿ ಅಂದ್ರೂ 4.5 ಇರ್ಬೇಕು ಅನ್ನೋದು ವೆಬ್‌ನವರ ಸ್ಟ್ಯಾಂಡರ್ಡು. ನಾನು ಹಾಕಿದ್ದ ಬೂದು `#9E9E9E`, ಅದು ಬರೋದೇ 2.7ರ ಹತ್ರ. ಅಂದ್ರೆ ಮನೇಲೇ ಫೇಲು. ಬಿಸಿಲಿಗೆ ಬಂದ್ರೆ ಇನ್ನೂ ಕೆಡುತ್ತೆ, ಯಾಕಂದ್ರೆ ಗಾಜಿನ ಮೇಲೆ ಬಿದ್ದು ವಾಪಸ್ ಬರೋ ಬೆಳಕು ಅಕ್ಷರದ ಮೇಲೂ ಹಿಂದಿನ ಬಿಳಿ ಮೇಲೂ ಒಂದೇ ಸಮ ಸೇರ್ಕೊಳ್ಳುತ್ತೆ. ಬಿಳಿ ಬೆಳಕು 100, ಬೂದು 35 ಅಂತ ಇಟ್ಕೊಳಿ, ಎರಡಕ್ಕೂ ಬಿಸಿಲು ಇನ್ನೊಂದು 100 ಸೇರಿಸ್ತು ಅಂದ್ರೆ 200, 135 ಆಯ್ತು. ಮುಂಚೆ ಮೂರು ಪಟ್ಟಿನ ಹತ್ರ ಇದ್ದಿದ್ದು ಈಗ ಒಂದೂವರೆ. ಹಾಲಲ್ಲಿ ಮಜ್ಜಿಗೆ ಹುಡುಕಿದ ಹಾಗೆ. ಅದಕ್ಕೇ ಬ್ರೈಟ್ನೆಸ್ ಜಾಸ್ತಿ ಮಾಡ್ಕೊಳಿ ಅಂತ ಹೇಳಿ ಜಾರ್ಕೊಳ್ಳೋಕೂ ಆಗಲಿಲ್ಲ, ಅವರು ಆಗಲೇ ಫುಲ್ ಇಟ್ಟಿದ್ರು, ಮಧ್ಯಾಹ್ನಕ್ಕೆ ಬ್ಯಾಟರಿ ಸತ್ತೋಗುತ್ತೆ ಅಂತ ಬೈತಾ ಇದ್ರು.

ಅಕ್ಷರ ಎಲ್ಲಾ `#212121` ಮಾಡಿದೆ, ಅದು 16 ಬರುತ್ತೆ, ನೋಡೋಕೆ ಕಪ್ಪೇ. ಇನ್ನೊಂದು ಹಸಿರು ಬಟನ್ ಮೇಲೆ ಬಿಳಿ ಅಕ್ಷರ ಇತ್ತು, ಆ ಹಸಿರು ತಿಳಿ ಆಗಿ 2.8 ಇತ್ತು, ಗಾಢ ಹಸಿರು ಹಾಕಿದ್ಮೇಲೆ 5 ದಾಟ್ತು. ಹೊಸ ಫೈಲನ್ನ ಅವರ ಫೋನಲ್ಲೇ ತೆಗೆದು ಅದೇ ಬಿಸಿಲಲ್ಲಿ ಇಟ್ಟು ತೋರಿಸಿದೆ. ಅವರು ಕನ್ನಡಕ ಹಾಕ್ಕೊಳ್ದೇನೆ ಓದಿದ್ರು, "ಈಗ ನೋಡಮ್ಮ, ಮಾತಾಡ್ತದೆ" ಅಂದ್ರು.

ಈಗ ಹಳದಿ ಕೆಂಪು. ಇದ್ರಲ್ಲಿ ನಾನು ಸ್ವಲ್ಪ ಉಗುಳು ನುಂಗ್ಬೇಕು. ಹಳದಿ ಮೇಲೆ ಕೆಂಪು ಅಕ್ಷರ ಅಳೆದ್ರೆ 4ರ ಆಸುಪಾಸು ಬಂತು, ಅದು ಸಾಲದು, ಅದು ಬೇಡ ಅನ್ನೋ ಮಾತಿಗೆ ನಾನು ಈಗ್ಲೂ ಬದ್ಧ. ಆದ್ರೆ ಅದೇ ಹಳದಿ ಮೇಲೆ ಕಪ್ಪು ಇಟ್ರೆ 13! ನನ್ನ ಮೊದಲಿನ ಬೂದುಗಿಂತ ಸಾವಿರ ಪಾಲು ವಾಸಿ. ಹಂಗಾಗಿ ಒಟ್ಟು ಮೊತ್ತದ ಪಟ್ಟಿಗೆ ಮಾತ್ರ ಅವರ ಬೋರ್ಡಿನ ಹಳದಿ, ಮೇಲೆ ಕಪ್ಪು ಅಂಕಿ. ಜಾತ್ರೆ ಬ್ಯಾನರ್ ಅಂದಿದ್ನಲ್ಲ, ಅದನ್ನ ಎಡಿಟಲ್ಲಿ ತೆಗೆಯಲ್ಲ, ಇರಲಿ.

ಒಟು ಕಥೆ ಕೇಳಿ. ಒಟ್ಟು ಅಂತ ಬರೆದ್ರೆ ಒತ್ತಕ್ಷರ ಕೆಳಗೆ ಇಳಿಯುತ್ತಲ್ವಾ, ಇಂಗ್ಲಿಷ್ ಅಕ್ಷರಕ್ಕೆ ಸಾಕಾಗೋ ಸಾಲಿನ ಎತ್ತರ ಅದಕ್ಕೆ ಸಾಕಾಗಲ್ಲ. ನಾನು ಅಕ್ಷರದ ಸೈಜಿನ 1.2 ಪಟ್ಟು ಕೊಟ್ಟಿದ್ದೆ, ಡಬ್ಬಿ ಅಲ್ಲಿಗೇ ಮುಗಿದು ಒತ್ತು ಕತ್ತರಿಸಿಹೋಗಿದೆ, ಒಟು, ಅಕಿ, ಸಕರೆ. ನಾನು ಡಿಸೈನ್ ಮಾಡ್ವಾಗ ಟೋಟಲ್ ಅಂತ ಇಂಗ್ಲಿಷಲ್ಲಿ ಬರೆದು ನೋಡಿ ಕೈ ತೊಳ್ಕೊಂಡಿದ್ದೆ. 1.6 ಮಾಡಿದ್ಮೇಲೆ ಸರಿಹೋಯ್ತು. ಕನ್ನಡ ಆಪ್ ಮಾಡೋರು "ಸಕ್ಕರೆ" "ಒಟ್ಟು" ಬರೆದು ನೋಡಿ, ಬರೀ "ಬೇಳೆ" ಬರೆದು ನೋಡಿದ್ರೆ ತಪ್ಪು ಸಿಕ್ಕೋದೇ ಇಲ್ಲ.

ಮೊತ್ತ ಮೇಲಕ್ಕೆ ಯಾಕೆ ಬೇಕು ಅನ್ನೋದೂ ನಿಂತು ನೋಡಿದ್ಮೇಲೇ ಗೊತ್ತಾಗಿದ್ದು. ಪೇಪರ್ ಬಿಲ್ಲಲ್ಲಿ ಕೆಳಗಿರುತ್ತೆ ಅಂತ ನಾನೂ ಕೆಳಗಿಟ್ಟಿದ್ದೆ. ಇವರು ತೂಕ ಟೈಪ್ ಮಾಡೋಕೆ ಹೋದ ತಕ್ಷಣ ಕೀಬೋರ್ಡ್ ಎದ್ದು ಮೊತ್ತನ ನುಂಗಿಬಿಡುತ್ತೆ, ಗಿರಾಕಿ "ಎಷ್ಟಾಯ್ತು" ಅಂದಾಗೆಲ್ಲ ಬ್ಯಾಕ್ ಒತ್ತಿ ಕೀಬೋರ್ಡ್ ಇಳಿಸಿ ಹೇಳ್ಬೇಕು. ಕೀಬೋರ್ಡ್ ನೆತ್ತಿ ಮೇಲೇ ಮೊತ್ತ ಕೂರಿಸಿ ನೋಡಿದ್ವಿ, ಅವಾಗ ಸಾಮಾನಿನ ಪಟ್ಟಿಗೆ ಎರಡೇ ಸಾಲು ಜಾಗ ಉಳೀತು. ಮೇಲೇ ಸರಿ.

ಈಗ ಅಸಲಿ ವಿಷ್ಯಕ್ಕೆ ಬರ್ತೀನಿ, ಮದುವೆ ಬಿಲ್ಲು. ಅಡುಗೆ ಭಟ್ರು ಕೊಟ್ಟ ಪಟ್ಟಿ, 41 ಐಟಂ, ಅಕ್ಕಿ ಎಣ್ಣೆಯಿಂದ ಹಿಡಿದು ಪಚ್ಚಕರ್ಪೂರದ ತನಕ. ಅರ್ಧ ಗಂಟೆ ಕೂತು ಒಂದೊಂದೇ ಹಾಕಿದಾರೆ, ಹುಡುಗ ಒಳಗಡೆ ತೂಕ ಹಾಕ್ತಾ ಕೂಗ್ತಿದಾನೆ, ಇನ್ನೇನು ಮುಗೀತು ಅಂತ ಉಳಿಸು ಒತ್ತೋಕೆ ಹೋಗಿ ಅಳಿಸು ಒತ್ತಿದಾರೆ. ಹೋಯ್ತು. ಬಿಳಿ ಸ್ಕ್ರೀನು. ಹೆಣ್ಣಿನ ಕಡೆಯವರು ಎದುರಿಗೇ ನಿಂತಿದಾರೆ. ಮತ್ತೆ ಎಲ್ಲಾ ಚೀಲ ಬಿಚ್ಚಿ ನೋಡಿ ಬಿಳಿ ಹಾಳೆ ಮೇಲೆ ಪೆನ್ನಲ್ಲಿ ಬರೆದಿದಾರೆ, ಆ ಗಡಿಬಿಡೀಲಿ ಗೋಡಂಬಿ ಬಿಟ್ಟೇ ಹೋಯ್ತಂತೆ, ಅರ್ಧ ಕೆಜಿ ಗೋಡಂಬಿ! ಆಮೇಲೆ ಫೋನ್ ಮಾಡಿ ಕೇಳೋಕೆ ಮರ್ಯಾದೆ ಬಿಡಲಿಲ್ಲವಂತೆ. ಅದನ್ನ ಅವರು ನನಗೆ ಮೂರು ಸಲ ಹೇಳಿದ್ರು, ಮೂರು ಸಲನೂ ನಾನು ತಲೆ ತಗ್ಗಿಸ್ಕೊಂಡು ಕೇಳಿದೆ, ತಪ್ಪು ನಂದೇ.

ನೋಡಿ ಈ ಎರಡು ಪದ ಪಕ್ಕಪಕ್ಕ ಇಟ್ಟಿದೀನಿ ಸ್ಕ್ರೀನ್ ಮೇಲೆ. ಉಳಿಸು, ಅಳಿಸು. ಮೊದಲಕ್ಷರ ಒಂದೇ ಬೇರೆ, ಉದ್ದ ಒಂದೇ, ಬಾಲ ಒಂದೇ. ಇಂಗ್ಲಿಷಲ್ಲಿ ಸೇವ್, ಡಿಲೀಟ್ ಆಕಾರದಲ್ಲೇ ಬೇರೆ ಬೇರೆ, ಓದದೇನೂ ಗೊತ್ತಾಗುತ್ತೆ. ನಾನು ಆ ಇಂಗ್ಲಿಷ್ ಸ್ಕ್ರೀನಿಗೆ ಕನ್ನಡ ಪದ ತುಂಬಿದೆ ಅಷ್ಟೇ, ಜೊತೆಗೆ ಎರಡೂ ಅದೇ ಬೂದು ಬಣ್ಣ, ಮಧ್ಯೆ ಜಾಗ ಒಂದು ಮಿಲಿಮೀಟರ್ ಇದ್ರೆ ಹೆಚ್ಚು. ಬೆರಳಿಗೆ ಒಂಬತ್ತು ಮಿಲಿಮೀಟರಾದ್ರೂ ಬಟನ್ ಬೇಕು ಅಂತಾರೆ, ಇವರ ಕೈ ಬೇರೆ ಬೆಲ್ಲ ಮುಟ್ಟಿ ಎಣ್ಣೆ ಮುಟ್ಟಿ ಬಂದಿರುತ್ತೆ.

ಅವರು ಹೇಳಿದ್ದು, "ಅಳಿಸ್ಲಾ ಅಂತ ಒಂದ್ಸಲ ಕೇಳ್ಲಿ ಬುಡಿ". ನಾನು ಬೇಡ ಅಂದೆ. ಪ್ರತಿ ಸಲ ಕೇಳಿದ್ರೆ ನಾಲ್ಕೇ ದಿನಕ್ಕೆ ಕೈಗೆ ಅಭ್ಯಾಸ ಆಗಿ ಓದದೇ ಹೌದು ಒತ್ತುತಾರೆ, ನಾನೂ ಒತ್ತೀನಿ ನೀವೂ ಒತ್ತೀರಿ. ಅದರ ಬದಲು ಪದ ಬದಲಾಯಿಸಿದ್ವಿ. ಒಂದು "ಬಿಲ್ ಮುಗಿಸಿ", ಕೆಳಗೆ ಅಗಲಕ್ಕೂ ಹಸಿರು. ಇನ್ನೊಂದು "ಈ ಬಿಲ್ ಬೇಡ", ಅದು ಮೇಲೆ ಮೂಲೆ ಮೆನುವಿನ ಒಳಗೆ, ಬಟನ್ನೇ ಅಲ್ಲ. ಬೇಡ ಅಂದ್ರೂ ಬಿಲ್ ಎಲ್ಲೂ ಹೋಗಲ್ಲ, "ವಾಪಸ್ ತನ್ನಿ" ಅಂತ ಕೆಳಗೆ ಹತ್ತು ಸೆಕೆಂಡ್ ಬರುತ್ತೆ, ಅದೂ ತಪ್ಪಿದ್ರೆ ಬೇಡದ ಬಿಲ್‌ಗಳ ಪಟ್ಟೀಲಿ ಅಂಗಡಿ ಮುಚ್ಚೋ ತನಕ ಇರುತ್ತೆ. ಅವರೇ ಪರೀಕ್ಷೆಗೆ ಒಂದು ಬಿಲ್ ಹಾಕಿ ಬೇಡ ಒತ್ತಿದ್ರು, ವಾಪಸ್ ತಂದ್ರು, ಮತ್ತೆ ಒತ್ತಿದ್ರು, ಆಟ ಆಡೋಕೇ ಶುರು ಮಾಡಿದ್ರು, ಗಿರಾಕಿ ಕಾಯ್ತಿದಾರೆ ಅಂತ ನಾನೇ ಹೇಳ್ಬೇಕಾಯ್ತು.

ದುಡ್ಡು ಕೇಳ್ತೀರಲ್ವಾ ಕಾಮೆಂಟಲ್ಲಿ. ಅಗ್ರಿಮೆಂಟಲ್ಲಿ ಎರಡು ಸಲ ಬದಲಾವಣೆ ಫ್ರೀ ಇತ್ತು, ಇದು ಮೂರನೇದು, 1,500 ಕೇಳೋಣ ಅಂತ ರೈಲಲ್ಲಿ ಲೆಕ್ಕ ಹಾಕ್ಕೊಂಡು ಬಂದಿದ್ದೆ. ಗೋಡಂಬಿ ಕಥೆ ಮೂರನೇ ಸಲ ಕೇಳಿದ್ಮೇಲೆ ಬಾಯೇ ಬರಲಿಲ್ಲ. ಬಣ್ಣ ಮತ್ತೆ ಅಳಿಸು ನನ್ನ ತಪ್ಪು, ಅದಕ್ಕೆ ತಗೊಳಲ್ಲ, ಮೊತ್ತ ಮೇಲಕ್ಕೆ ತಂದಿದ್ದು ಹೊಸ ಕೆಲಸ, ಅದಕ್ಕೆ 700 ಕೊಡಿ ಅಂದೆ. "ಬರೀ ಬಣ್ಣ ತಾನೆ" ಅಂತ ಮತ್ತೆ ಶುರು ಮಾಡಿದ್ರು, ಬಣ್ಣ ಅಲ್ಲ ಸಾರ್ ಜಾಗ ಅಂದೆ, 600 ಕೊಟ್ರು, ಮೇಲೆ ಎರಡು ಅಚ್ಚು ಬೆಲ್ಲ. ಬೆಲ್ಲ ಸೂಪರಾಗಿದೆ, ಇದೇ ನೋಡಿ, ಸ್ವಲ್ಪ ಮುರಿದು ತಿಂದಾಗಿದೆ.

ಬ್ಯಾಟರಿ ಕೆಂಪು ತೋರಿಸ್ತಿದೆ, ಮೈಸೂರು ರೈಲು ಎರಡನೇ ಪ್ಲಾಟ್‌ಫಾರ್ಮಿಗಂತೆ, ನಾನು ಒಂದರಲ್ಲಿ ನಿಂತ್ಕೊಂಡು ಮಾತಾಡ್ತಿದೀನಿ, ಅಯ್ಯೋ ಬಂದೇಬಿಡ್ತು, ಓಡ್ತೀನಿ ಇರಿ—