'ಬಂದನಂತೆ' ಮತ್ತು 'ಬಂದಿದ್ದಾನೆ': ಟರ್ಕಿಶ್ ಕ್ರಿಯಾಪದದ ಒಂದು ಪ್ರತ್ಯಯ ಕನ್ನಡಕ್ಕೆ ಬರುವಾಗ

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಪ್ರತ್ಯಯದ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೀನಿ. ಟರ್ಕಿಶ್ ಭಾಷೆಯಲ್ಲಿ 'ಅವನು ಬಂದ' ಅಂತ ಹೇಳೋಕೆ ಎರಡು ರೂಪ ಇವೆ. ಒಂದು 'ಗೆಲ್ದಿ', ಇನ್ನೊಂದು 'ಗೆಲ್ಮಿಶ್'. ಬಂದದ್ದನ್ನ ನಾನೇ ನೋಡಿದ್ರೆ 'ಗೆಲ್ದಿ'. ಯಾರೋ ಹೇಳಿ ಗೊತ್ತಾಗಿದ್ರೆ, ಅಥವಾ ಬಾಗಿಲ ಹತ್ರ ಅವನ ಚಪ್ಪಲಿ ಕಂಡು ಗೊತ್ತಾಗಿದ್ರೆ 'ಗೆಲ್ಮಿಶ್'. ಅಲ್ಲಿನ ಶಾಲೆಯ ವ್ಯಾಕರಣದಲ್ಲಿ ಇವಕ್ಕೆ ಹೆಸರೇ ಹಾಗಿದೆ: ಮೊದಲನೆಯದು 'ಕಂಡ ಭೂತಕಾಲ', ಎರಡನೆಯದು 'ಕೇಳಿದ ಭೂತಕಾಲ'.

ಇದು ಹೊಸದಾಗಿ ಯಾರೋ ಕಂಡುಹಿಡಿದ ಭೇದ ಅಲ್ಲ. 11ನೇ ಶತಮಾನದಲ್ಲಿ ಮಹಮೂದ್ ಅಲ್-ಕಾಶ್ಗರಿ ಅನ್ನೋ ವಿದ್ವಾಂಸ ಅರಬ್ಬಿ ಬಲ್ಲವರಿಗಾಗಿ ತುರ್ಕಿ ಭಾಷೆಗಳ ನಿಘಂಟು ಬರೆದ. ಅದರಲ್ಲೇ ಇದನ್ನ ವಿವರಿಸಿದ್ದಾನೆ: 'ದಿ' ಅಂದ್ರೆ ಹೇಳುವವನ ಎದುರಿಗೇ ನಡೆದದ್ದು, 'ಮಿಶ್' ಅಂದ್ರೆ ಅವನು ಇಲ್ಲದಾಗ ನಡೆದದ್ದು.

ಕನ್ನಡದವರಿಗೆ ಇದನ್ನ ಕೇಳಿದ ತಕ್ಷಣ 'ಅಂತೆ' ನೆನಪಾಗುತ್ತೆ. ಬಂದನಂತೆ, ಹೋದಳಂತೆ, ಮದುವೆ ಆಯ್ತಂತೆ. ನೆನಪಾಗಬೇಕಾದ್ದೇ. ಇಂಗ್ಲಿಷಿನ ಅನುವಾದಕರಿಗೆ ಇಲ್ಲದ ಭಾಗ್ಯ ಇದು. ಅವರು ಈ 'ಮಿಶ್' ಬಂದಲ್ಲೆಲ್ಲ 'ಅಪ್ಪರೆಂಟ್ಲಿ', 'ರಿಪೋರ್ಟೆಡ್ಲಿ', 'ದೇ ಸೇ' ಅಂತ ಏನಾದ್ರೂ ಒಂದನ್ನ ಹೊರಗಿಂದ ತಂದು ಅಂಟಿಸಬೇಕು, ಇಲ್ಲ ಸುಮ್ಮನೆ ಬಿಟ್ಟುಬಿಡಬೇಕು. ಅಂಟಿಸಿದ್ರೆ ಒಂದು ತೊಂದರೆ: ಆ ಪದಗಳಲ್ಲಿ ಅನುಮಾನದ ವಾಸನೆ ಇದೆ. 'ಮಿಶ್'ನಲ್ಲಿ ಅದು ತಾನಾಗಿಯೇ ಇಲ್ಲ. 'ಗೆಲ್ಮಿಶ್' ಅಂದವನು 'ಬಂದಿರೋದು ನಿಜವೋ ಸುಳ್ಳೋ ಗೊತ್ತಿಲ್ಲ' ಅಂತ ಹೇಳ್ತಿಲ್ಲ. ಬಂದಿದ್ದಾನೆ, ಆದ್ರೆ ಬರುವಾಗ ನಾನು ಅಲ್ಲಿರಲಿಲ್ಲ ಅಂತಷ್ಟೇ ಹೇಳ್ತಿದ್ದಾನೆ. ಅನುಮಾನ ಬೇಕಾದ್ರೆ ಅದನ್ನ ದನಿಯಲ್ಲಿ ತರ್ತಾರೆ. ನಾವೂ 'ಇವರು ದೊಡ್ಡ ಡಾಕ್ಟರಂತೆ' ಅನ್ನೋದನ್ನ ಗೌರವದಿಂದಲೂ ಹೇಳಬಹುದು, ಮೂಗು ಮುರಿದೂ ಹೇಳಬಹುದು, ಅಲ್ವಾ? ಬೆಂಗಳೂರಿನ ಇಂಗ್ಲಿಷಿನಲ್ಲಿ ವಾಕ್ಯದ ಕೊನೆಗೆ 'ಇಟ್ ಸೀಮ್ಸ್' ಸೇರಿಸೋದು ಇದೇ ಕೊರತೆ ತುಂಬೋಕೆ. ಅದು ತಪ್ಪು ಇಂಗ್ಲಿಷ್ ಅಂತ ನಗೋರಿದ್ದಾರೆ. ನನಗಂತೂ ಅದು ತುಂಬ ಬುದ್ಧಿವಂತಿಕೆಯ ಕೆಲಸ ಅನ್ಸುತ್ತೆ.

ಹಾಗಾದ್ರೆ ಕೆಲಸ ಮುಗೀತಲ್ಲ, 'ಮಿಶ್' ಬಂದಲ್ಲೆಲ್ಲ 'ಅಂತೆ' ಹಾಕಿದ್ರಾಯ್ತು ಅಂತ ನೀವು ಅನ್ನಬಹುದು. ಆಗಲ್ಲ. ನನ್ನ ಇವತ್ತಿನ ಮಾತೆಲ್ಲ ಇರೋದು ಇಲ್ಲೇ.

ರಾತ್ರಿ ಮಳೆ ಬಂದಿದೆ ಅಂತಿಟ್ಕೊಳ್ಳಿ. ನೀವು ಎಚ್ಚರ ಇದ್ದು ಮಳೆ ನೋಡಿದ್ರೆ 'ರಾತ್ರಿ ಮಳೆ ಬಂತು' ಅಂತೀರಿ. ಬೆಳಿಗ್ಗೆ ಎದ್ದು ಒದ್ದೆ ರಸ್ತೆ ನೋಡಿದ್ರೆ 'ರಾತ್ರಿ ಮಳೆ ಬಂದಿದೆ'. ಪಕ್ಕದ ಮನೆಯವರು ಹೇಳಿದ್ರೆ 'ರಾತ್ರಿ ಮಳೆ ಬಂತಂತೆ'. ಮೂರು ಸಂದರ್ಭ, ಕನ್ನಡದಲ್ಲಿ ಮೂರು ರೂಪ. ಟರ್ಕಿಶ್‌ನಲ್ಲಿ ಮೊದಲನೆಯದಕ್ಕೆ 'ದಿ', ಉಳಿದ ಎರಡಕ್ಕೂ ಒಂದೇ 'ಮಿಶ್'. ಅಂದ್ರೆ ಗುರುತು ನೋಡಿ ತಿಳಿದದ್ದು, ಕಿವಿಯಿಂದ ಕೇಳಿ ತಿಳಿದದ್ದು, ಎರಡೂ ಅವರಿಗೆ ಒಂದೇ ಮನೆ. ನಮಗೆ ಬೇರೆ ಬೇರೆ ಮನೆ. ಹಾಗಾಗಿ ಟರ್ಕಿಶ್‌ನಿಂದ ಕನ್ನಡಕ್ಕೆ ತರುವವರು ಪ್ರತಿ 'ಮಿಶ್' ಹತ್ರಾನೂ ನಿಂತು ಕೇಳ್ಕೋಬೇಕು: ಇವನಿಗೆ ಇದು ಹೇಗೆ ಗೊತ್ತಾಯ್ತು?

ಗೊತ್ತಾಗದಿದ್ರೆ? ಆಗ ನಿಜವಾದ ಕಷ್ಟ. ಒಂದು ಕಥೆ ಹೀಗೆ ಶುರುವಾಗುತ್ತೆ ಅಂತಿಟ್ಕೊಳ್ಳಿ: ಒಬ್ಬ ಹುಡುಗ ಹೇಳ್ತಾನೆ, 'ಬಾಬಮ್ ದ್ಯುನ್ ಗೆಜೆ ಎವೆ ಗೆಲ್ಮೆಮಿಶ್'. ಅಪ್ಪ ನಿನ್ನೆ ರಾತ್ರಿ ಮನೆಗೆ ಬಂದಿಲ್ಲ. ಅವನು ಮಡಿಸಿಟ್ಟ ಹಾಸಿಗೆ ನೋಡಿ ತಿಳ್ಕೊಂಡನೋ, ಅಮ್ಮ ಹೇಳಿದ್ಳೋ? ಟರ್ಕಿಶ್ ವಾಕ್ಯ ಅದನ್ನ ಹೇಳದೆ ಬಿಟ್ಟಿದೆ, ಲೇಖಕರು ಬೇಕಂತಲೇ ಹಾಗೆ ಬಿಟ್ಟಿರಬಹುದು. ಕನ್ನಡದಲ್ಲಿ 'ಬಂದಿಲ್ಲ' ಅಂದ್ರೆ ಹುಡುಗ ಒಬ್ಬನೇ ಇದ್ದಾನೆ, ಎದ್ದು ನೋಡಿದ್ದಾನೆ. 'ಬರಲಿಲ್ಲವಂತೆ' ಅಂದ ತಕ್ಷಣ ಅವನ ಪಕ್ಕದಲ್ಲಿ ಇನ್ನೊಬ್ಬರು ಬಂದು ನಿಂತರು, ಸುದ್ದಿ ಹೇಳಿದವರು. ಒಂದು ಪ್ರತ್ಯಯಕ್ಕೆ ಮನೆಯಲ್ಲಿರುವ ಜನರ ಲೆಕ್ಕವೇ ಬದಲಾಯ್ತು. ಇಂಥ ಕಡೆ ನಾನು 'ಬಂದಿಲ್ಲ' ಅನ್ನೋದನ್ನೇ ಆರಿಸ್ಕೋತೀನಿ. ಯಾಕಂದ್ರೆ 'ಬಂದಿಲ್ಲ' ಅನ್ನೋದನ್ನ ಅಮ್ಮನಿಂದ ಕೇಳಿಯೂ ಹೇಳಬಹುದು, ಆ ಬಾಗಿಲು ಪೂರ್ತಿ ಮುಚ್ಚಿಲ್ಲ. 'ಅಂತೆ' ಹಾಕಿದ್ರೆ ಮುಚ್ಚಿಹೋಗುತ್ತೆ.

ಇನ್ನು 'ಮಿಶ್'ನ ಮೂರನೇ ಮುಖ. ಊಟಕ್ಕೆ ಕರೆದವರ ಮನೆಯಲ್ಲಿ ಒಂದು ತುತ್ತು ಬಾಯಿಗಿಟ್ಟು ಟರ್ಕಿಯವರು ಹೇಳೋದು 'ಚೋಕ್ ಗ್ಯುಝೆಲ್ ಓಲ್ಮುಶ್'. ನಾಲಿಗೆ ಮೇಲೇ ಇರುವ ರುಚಿ, ಇದಕ್ಕಿಂತ ನೇರ ಅನುಭವ ಇನ್ನೇನು ಬೇಕು? ಆದ್ರೂ ಅದು 'ಮಿಶ್' ರೂಪವೇ. ಮಾಡುವಾಗ ನಾನು ನೋಡಲಿಲ್ಲ, ಈಗ ಫಲ ಕಂಡೆ, ಖುಷಿಯಾಯ್ತು ಅಂತ ಭಾವ. ಇದನ್ನ 'ತುಂಬ ಚೆನ್ನಾಗಿದೆಯಂತೆ' ಅಂತ ತಂದ್ರೆ ಅಡುಗೆ ಮಾಡಿದವರಿಗೆ ಅವಮಾನ. 'ತುಂಬ ಚೆನ್ನಾಗಿ ಬಂದಿದೆ' ಅನ್ನಿ, ಸಾಕು. ತುಂಬ ದಿನದ ಮೇಲೆ ಕಂಡ ಮಗುವಿಗೆ 'ಬ್ಯುಯ್ಯುಮ್ಯುಶ್ಸ್ಯುನ್' ಅಂತಾರೆ, ನಾವು 'ಎಷ್ಟು ದೊಡ್ಡವಳಾಗಿದ್ದೀಯೇ!' ಅಂತೀವಿ. ನಮ್ಮ 'ಇದೆ', 'ಇದ್ದಾನೆ', 'ಇದ್ದೀಯ' ಇಷ್ಟು ಸಲೀಸಾಗಿ ಈ ಕೆಲಸ ಮಾಡುತ್ತೆ ಅನ್ನೋದನ್ನ ನಾವು ಗಮನಿಸಿಯೇ ಇಲ್ಲ. ಎಲ್ಲರ ಕಣ್ಣೂ 'ಅಂತೆ' ಮೇಲೆ.

ಈಗ ಒಂದು ಕಥೆ ತಗೊಂಡು ನೋಡೋಣ. ನಮ್ಮಲ್ಲಿ ಮುಲ್ಲಾ ನಸ್ರುದ್ದೀನ್ ಅಂತ ಕರೆಯುವವನು ಟರ್ಕಿಯವರಿಗೆ ನಸ್ರೆದ್ದಿನ್ ಹೋಜ. ಅವನ ಹಂಡೆಯ ಕಥೆ ನಿಮಗೆ ಗೊತ್ತಿರಬಹುದು. ಹೋಜ ಪಕ್ಕದ ಮನೆಯವನ ಹತ್ರ ಹಂಡೆ ಕೇಳಿ ತರ್ತಾನೆ. ವಾಪಸ್ ಕೊಡುವಾಗ ಒಳಗೊಂದು ಪುಟ್ಟ ಪಾತ್ರೆ ಇಟ್ಟು, ನಿನ್ನ ಹಂಡೆ ಮರಿ ಹಾಕಿತು ಅಂತಾನೆ. ಅವನು ಖುಷಿಯಿಂದ ಎರಡನ್ನೂ ಇಟ್ಕೋತಾನೆ. ಮತ್ತೊಂದು ಸಲ ಹೋಜ ಹಂಡೆ ತಂದವನು ಕೊಡೋದೇ ಇಲ್ಲ. ಕೇಳಿದ್ರೆ, ಹಂಡೆ ಸತ್ತುಹೋಯ್ತು ಅಂತಾನೆ. ಹಂಡೆ ಎಲ್ಲಾದ್ರೂ ಸಾಯುತ್ತಾ ಅಂದ್ರೆ, ಹೆತ್ತದ್ದನ್ನ ನಂಬಿದೆ, ಸತ್ತದ್ದನ್ನ ಯಾಕೆ ನಂಬಲ್ಲ ಅಂತಾನೆ.

ಸಾಮಾನ್ಯವಾಗಿ ಹೇಳುವ ಟರ್ಕಿಶ್ ರೂಪದಲ್ಲಿ ನಿರೂಪಣೆ ಪೂರ್ತಿ 'ಮಿಶ್'ನಲ್ಲಿ: ಇಸ್ತೆಮಿಶ್, ವೆರ್ಮಿಶ್, ಸೋರ್ಮುಶ್, ದೆಮಿಶ್. ಕೇಳಿದನಂತೆ, ಕೊಟ್ಟನಂತೆ, ವಿಚಾರಿಸಿದನಂತೆ, ಅಂದನಂತೆ. ಆದ್ರೆ ಹೋಜನ ಬಾಯಿಂದ ಬರೋ ಎರಡು ಮಾತು ಮಾತ್ರ 'ದಿ'ಯಲ್ಲಿ: 'ಕಝಾನ್ ದೋವುರ್ದು', 'ಕಝಾನ್ ಓಲ್ದ್ಯು'. ಇಡೀ ಕಥೆಯಲ್ಲಿ ಯಾರೂ ಏನನ್ನೂ ಕಂಡಿಲ್ಲ, ಹೇಳುವವರೂ ಕಂಡಿಲ್ಲ. ಕಣ್ಣಾರೆ ಕಂಡವನ ಹಾಗೆ ಮಾತಾಡೋದು ಸುಳ್ಳು ಹೇಳ್ತಿರೋ ಹೋಜ ಒಬ್ಬನೇ! ಹಂಡೆ ಹೆರುವಾಗ ಪಕ್ಕದಲ್ಲೇ ಇದ್ದವನ ದನಿ ಅದು. ಅವನೂ 'ಮಿಶ್' ಹಾಕಿದ್ದಿದ್ರೆ 'ಬೆಳಿಗ್ಗೆ ನೋಡಿದೆ, ಒಳಗೆ ಮರಿ ಇತ್ತು, ನನಗೇನೂ ಗೊತ್ತಿಲ್ಲ' ಅಂತ ಜಾರಿಕೊಳ್ಳೋಕೆ ಜಾಗ ಇರ್ತಿತ್ತು. ಅವನು ಆ ಜಾಗ ಇಟ್ಕೊಂಡಿಲ್ಲ.

ಇದನ್ನ ಕನ್ನಡಕ್ಕೆ ತರುವಾಗ ಹೋಜನ ಮಾತು 'ಮರಿ ಹಾಕಿತು', 'ಸತ್ತುಹೋಯ್ತು' ಅಂತಲೇ ಇರಬೇಕು. 'ಹಾಕಿದೆ' ಅಂದ್ರೆ ಅವನು ಮೆತ್ತಗಾದ. ನಿರೂಪಣೆಯಲ್ಲಿ 'ಅಂತೆ' ಬೇಕು. ಆದ್ರೆ ಎಷ್ಟು? ಟರ್ಕಿಶ್‌ನಲ್ಲಿ 'ದಿ'ಯೂ ಒಂದು ಅಕ್ಷರ, 'ಮಿಶ್'ಕೂಡ ಒಂದೇ ಅಕ್ಷರದಷ್ಟು ಉಸಿರು. ಎರಡರಲ್ಲಿ ಒಂದನ್ನ ಹಾಕಲೇಬೇಕು, ಹಾಗಾಗಿ ಸಾಲು ಸಾಲಾಗಿ ಬಂದ್ರೂ ಕಿವಿಗೆ ಭಾರ ಅಲ್ಲ. ನಮ್ಮ 'ಅಂತೆ' ಮುಗಿದ ಕ್ರಿಯಾಪದದ ಮೇಲೆ ಮತ್ತೆ ಕೂರುವಂಥದ್ದು. ಅಜ್ಜಿ ಬಾಯಲ್ಲಿ ಸಾಲುಗಟ್ಟಿ ಬಂದ್ರೂ ಚಂದ, ಅಜ್ಜಿಗೆ ದನಿ ಇದೆ. ಅಚ್ಚಾದ ಪುಟದಲ್ಲಿ ಐದನೇ 'ಅಂತೆ'ಗೆ ಓದುಗರಿಗೆ ಸುಸ್ತಾಗುತ್ತೆ. ನಾನಾದ್ರೆ ಮೊದಲ ಎರಡು ವಾಕ್ಯಕ್ಕೆ 'ಅಂತೆ' ಹಾಕಿ, ಆಮೇಲೆ ಸಾದಾ ಭೂತಕಾಲಕ್ಕೆ ಇಳಿದು, ಹೋಜನ ಒಂದೊಂದು ಸುಳ್ಳಿನ ಪಕ್ಕದಲ್ಲೂ 'ಅಂದನಂತೆ' ಅಂತ ಇಡ್ತೀನಿ. ಹೋಜನ ನೇರ ಮಾತು, ಅದರ ಪಕ್ಕದಲ್ಲೇ ನಿರೂಪಕರ ಕೇಳಿದ ಮಾತು. ಎದುರು ಬದುರು ನಿಂತಾಗ ಕಥೆಯ ಕಚಗುಳಿ ಉಳಿಯುತ್ತೆ.

ಓರ್ಹಾನ್ ಪಾಮುಕ್ ತಮ್ಮ ಇಸ್ತಾಂಬುಲ್ ನೆನಪುಗಳ ಪುಸ್ತಕದ ಮೊದಲ ಅಧ್ಯಾಯದಲ್ಲೇ ಈ ರೂಪದ ಬಗ್ಗೆ ಬರೆದಿದ್ದಾರೆ. ಕನಸು, ಅಜ್ಜಿ ಕಥೆ, ನಾವು ಕಾಣದ ಹಳೆಯ ಸಂಗತಿಗಳು, ಇವುಗಳ ಜೊತೆಗೆ ನಮ್ಮದೇ ತೊಟ್ಟಿಲು, ನಾವೇ ಇಟ್ಟ ಮೊದಲ ಹೆಜ್ಜೆ ಕೂಡ ಈ ರೂಪಕ್ಕೆ ಸೇರುತ್ತೆ ಅಂತ. ಇಂಗ್ಲಿಷಿನಲ್ಲಿ ಇದನ್ನ ವಿವರಿಸಿ ಹೇಳಬೇಕು. ಕನ್ನಡದಲ್ಲಿ 'ನಾನು ಹತ್ತು ತಿಂಗಳಿಗೇ ನಡೆದೆನಂತೆ' ಅಂದ್ರೆ ಮುಗೀತು, ಯಾರಿಗೂ ವಿವರಣೆ ಬೇಡ. ಆದ್ರೆ ಇಂಥ ವಾಕ್ಯ ಇಂಗ್ಲಿಷ್ ದಾಟಿ ಕನ್ನಡಕ್ಕೆ ಬಂದಾಗ 'ನಾನು ನಡೆದೆ' ಆಗುತ್ತೆ, ಇಲ್ಲ 'ಬಹುಶಃ ನಡೆದೆ' ಆಗುತ್ತೆ. 'ಬಹುಶಃ' ಅನ್ನೋದು ಪೂರ್ತಿ ತಪ್ಪು. ಅಮ್ಮ ಹೇಳಿದ ಮಾತಿನ ಮೇಲೆ ಮೂಲದಲ್ಲಿ ಇಲ್ಲದ ಅನುಮಾನವನ್ನ ನಾವು ತಂದು ಹಾಕಿದ ಹಾಗಾಯ್ತು. ನನಗೆ ಸಿಟ್ಟು ಬರೋದು ಇಲ್ಲೇ. ಮೂಲದಲ್ಲೂ ಇರುವ, ನಮ್ಮಲ್ಲೂ ಇರುವ ಒಂದು ಭೇದ, ನಡುವಿನ ಭಾಷೆಯಲ್ಲಿ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಕಳೆದುಹೋಗ್ತಿದೆ.

ಟರ್ಕಿಶ್ ಕಲಿತವರೇ ಅನುವಾದ ಮಾಡಲಿ ಅಂತ ಕಾಯ್ತಾ ಕೂರೋಕಾಗಲ್ಲ. ಇಂಗ್ಲಿಷಿನಿಂದಲೇ ಮಾಡುವವರು ಮೂಲ ಪುಸ್ತಕದ ಒಂದು ಪ್ರತಿಯನ್ನ ಪಕ್ಕದಲ್ಲಿ ಇಟ್ಕೊಳ್ಳಿ. 1928ರಿಂದ ಅವರ ಬರಹ ಲ್ಯಾಟಿನ್ ಲಿಪಿಯಲ್ಲಿದೆ, ಅಕ್ಷರ ಕೂಡಿಸಿ ಓದಬಹುದು. ಕ್ರಿಯಾಪದ ನಮ್ಮ ಹಾಗೇ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತೆ. ಕೊನೆಯ ಪದದಲ್ಲಿ ಮಿಶ್ ಅಥವಾ ಮುಶ್ ಇದೆಯಾ ನೋಡಿ, ಹಿಂದಿನ ಸ್ವರಕ್ಕೆ ತಕ್ಕ ಹಾಗೆ ಅದರ ಸ್ವರ ನಾಲ್ಕು ಥರ ಬದಲಾಗುತ್ತೆ. ಇಷ್ಟಕ್ಕೇ ನಂಬಬೇಡಿ. ಅದರ ಮುಂದೆ ಇನ್ನೊಂದು 'ತಿ' ಸೇರಿ 'ಗೆಲ್ಮಿಶ್ತಿ' ಆಗಿದ್ರೆ ಅದು ಬರೀ 'ಬಂದಿದ್ದ', ಕೇಳಿದ ಮಾತೇನೂ ಅಲ್ಲ. 'ತಿರ್' ಸೇರಿದ್ರೆ ಹೆಚ್ಚಾಗಿ ಸರ್ಕಾರಿ ಕಾಗದದ, ವಿಶ್ವಕೋಶದ ಗಟ್ಟಿ ದನಿ. ನಾಮಪದದ ಹಿಂದೆ ಬಂದ್ರೆ ಅದು ಬರೀ ವಿಶೇಷಣ, 'ಓಕುಮುಶ್ ಅದಮ್' ಅಂದ್ರೆ ಓದಿದ ಮನುಷ್ಯ, ಓದಿದನಂತೆ ಅನ್ನೋ ಮನುಷ್ಯ ಅಲ್ಲ. ಈ ಮೂರನ್ನೂ ಬಿಟ್ಟು ಉಳಿದದ್ದಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಟರ್ಕಿಶ್ ಬಲ್ಲ ಒಬ್ಬರ ಮುಂದೆ ಕೂತು ಒಂದೊಂದಕ್ಕೂ ಕೇಳಿ: ಇದು ಕೇಳಿದ್ದೋ, ಗುರುತು ಹಿಡಿದದ್ದೋ, ಆಶ್ಚರ್ಯವೋ? ಅವರ ಉತ್ತರ ಬಂದ ಮೇಲೆ 'ಅಂತೆ'ಯೋ 'ಇದೆ'ಯೋ ತೀರ್ಮಾನ ಮಾಡಿ.