ಮೊತ್ತ ಹಾಕಿದ್ರಾ ಅಕ್ಕೋರೆ?

ನಮಸ್ಕಾರ. ಟೈಪ್ ಮಾಡಿದ ಹಳೇ ಅಂಕಪಟ್ಟಿ ನಿಮ್ಮ ಶಾಲೆಯ ಕಪಾಟಿನಲ್ಲೂ ಇರಬೇಕಲ್ವಾ? ಅದನ್ನು ಎಕ್ಸೆಲ್‌ಗೆ ತರುವುದು ಈಗ ಸುಲಭ. ಹಾಳೆ ಸೊಟ್ಟಗಾಗದಂತೆ ಇಟ್ಟು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಹೊಸ ಎಕ್ಸೆಲ್‌ನಲ್ಲಿ Data ಒಳಗೆ From Picture ಅಂತ ಇದೆ, ಅದು ಅಂಕಿಗಳನ್ನು ಓದಿ ಮನೆಮನೆಗೂ ತುಂಬುತ್ತದೆ. ಆದರೆ ತುಂಬಿದ್ದೆಲ್ಲ ಸರಿ ಇರುವುದಿಲ್ಲ.

ಶಿರಸಿ ಕಡೆಯ ಒಬ್ಬ ಅಕ್ಕೋರು ಜುಲೈ ಮಳೆಯಲ್ಲಿ ಹೀಗೇ ಒಂದು ಪಟ್ಟಿ ತಂದಿದ್ದರು. 42 ಮಕ್ಕಳು, ಆರು ವಿಷಯ, ಕೊನೆಗೆ ಒಟ್ಟು. ಜೆರಾಕ್ಸಿನ ಮೇಲೆ ಜೆರಾಕ್ಸ್, 3ರ ಹೊಟ್ಟೆಯಲ್ಲಿ ಮಸಿ ತುಂಬಿ 8ರ ಹಾಗೆ ಕಾಣುತ್ತಿತ್ತು. "ಸರ್, ಎರಡು ಸಲ ಕಣ್ಣಾಡಿಸಿದ್ದೇನೆ, ಎಲ್ಲ ಸರಿ ಇದೆ" ಅಂದರು. ಮೊತ್ತ ಹಾಕಿದ್ರಾ ಅಕ್ಕೋರೆ, ಅಂದೆ. ಹಾಕಿರಲಿಲ್ಲ.

ವಿಷಯಗಳು C ಇಂದ H ವರೆಗೆ, ಒಟ್ಟು I ನಲ್ಲಿ. ಪಕ್ಕದ ಖಾಲಿ ಮನೆಯಲ್ಲಿ ಇದನ್ನು ಬರೆದು ಕೆಳಗಿನವರೆಗೆ ಎಳೆದೆವು:

```
=SUM(C2:H2)-I2
```

ಎಲ್ಲ ಕಡೆ ಸೊನ್ನೆ ಬರಬೇಕು. ಒಂದು ಸಾಲಿನಲ್ಲಿ 50 ಬಂತು. ಹತ್ತರ ಸ್ಥಾನದ 3 ಹೋಗಿ 8 ಆದರೆ ಸರಿಯಾಗಿ 50 ಜಾಸ್ತಿಯಾಗುತ್ತದೆ. ಹಾಳೆ ನೋಡಿದರೆ ಗಣಿತದಲ್ಲಿ 38, ನಮ್ಮಲ್ಲಿ 88! ಇನ್ನೊಬ್ಬ ಹುಡುಗನದ್ದು 68, 71, 54, 80, 63, 77, ಒಟ್ಟು 413. ನಮ್ಮಲ್ಲಿ -80 ಬಂತು. ಆದರೆ ಮನೆಯಲ್ಲಿ 80 ಅಂತಲೇ ಕಾಣುತ್ತಿದೆ! ಅಕ್ಕೋರು ಕಂಪ್ಯೂಟರ್ ಕೆಟ್ಟಿದೆ ಅಂದರು. ಕೆಟ್ಟಿರಲಿಲ್ಲ. ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ O ಅಕ್ಷರ ಕೂತಿತ್ತು. ಅದು ಅಂಕಿಯಲ್ಲ, ಹಾಗಾಗಿ SUM ಅದನ್ನು ಸುಮ್ನೆ ಬಿಟ್ಟು ಮುಂದೆ ಹೋಗಿತ್ತು. ಒಂದು ಮನೆಯ ಪೂರ್ತಿ ಅಂಕ ಕಾಣೆಯಾಗಿದೆ ಅಂದರೆ ಅಲ್ಲಿ ಅಕ್ಷರ ಸೇರಿರಬಹುದು. ಅಂಥದ್ದು ಮನೆಯ ಎಡಕ್ಕೆ ಅಂಟಿಕೊಂಡಿರುತ್ತದೆ, ಅಂಕಿ ಬಲಕ್ಕಿರುತ್ತದೆ.

ಅಯ್ಯೋ, ಕತೆಯಲ್ಲೇ ಸಮಯ ಹೋಯ್ತು. ಉಳಿದದ್ದು ಬೇಗ ಹೇಳ್ತೇನೆ. ಅಡ್ಡ ಮೊತ್ತ ಒಂದೇ ಸಾಲದು, ಉದ್ದಕ್ಕೂ ಹಾಕಿ. ಪರೀಕ್ಷೆಗೆ ಬಾರದ ಹುಡುಗಿಯ ಖಾಲಿ ಮನೆ ತಪ್ಪಿಹೋಗಿ ಅವಳ ವಿಜ್ಞಾನದ ಅಂಕ ಹಿಂದಿಗೆ ಸರಿದರೂ ಸಾಲಿನ ಮೊತ್ತ ಸರಿಯಾಗಿಯೇ ಇರುತ್ತದೆ. ಹಾಳೆಯ ಬುಡದಲ್ಲಿ ವಿಷಯವಾರು ಒಟ್ಟು ಇದ್ದರೆ ಅದರ ಜೊತೆ ತಾಳೆ ನೋಡಿ, ಆ ತಪ್ಪು ಸಿಗುತ್ತದೆ. ಒಟ್ಟು ಹೊಂದಲಿ ಅಂತ ಅಂಕಿಯನ್ನು ತಿದ್ದಬೇಡಿ, ದಯವಿಟ್ಟು! ಹಾಳೆ ತೆಗೆದು ನೋಡಿ, ಕೆಲವು ಸಲ ಒಟ್ಟನ್ನೇ ಕಂಪ್ಯೂಟರ್ ತಪ್ಪು ಓದಿರುತ್ತದೆ, ಇನ್ನು ಕೆಲವು ಸಲ ಮೊದಲು ಕೂಡಿದವರೇ ತಪ್ಪಿರುತ್ತಾರೆ. ನಮ್ಮ ಅಕ್ಕೋರ ಹಾಳೆಯಲ್ಲಿ ಅಂಥ ಎರಡು ಸಾಲು ಇದ್ದವು. ಅವನ್ನು ಕೂಡಿದ್ದು ಯಾರು ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.